ಇ.ಇ.ಜಿ. ಏನು ಹೇಳುತ್ತದೆ, ಏನು ಹೇಳುವುದಿಲ್ಲ



ಮಿದುಳು ಕೆಲಸ ಮಾಡುವಾಗ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ ಎಂದು ನೀವು ಜೀವಶಾಸ್ತ್ರದ ಪಾಠದಲ್ಲಿ ಓದಿರುತ್ತೀರಿ. ಆ ವಿದ್ಯುತ್ತನ್ನು ತಲೆಯ ಹೊರಗಿನಿಂದಲೇ ಹಿಡಿದು ಗೆರೆಗಳಾಗಿ ಬರೆಯುವ ಪರೀಕ್ಷೆಗೆ ಎಲೆಕ್ಟ್ರೋಎನ್ಸೆಫಲೋಗ್ರಾಮ್ ಎಂದು ಹೆಸರು. ಚಿಕ್ಕದಾಗಿ ಇ.ಇ.ಜಿ. ಎನ್ನುತ್ತಾರೆ. ಮೂರ್ಛೆ ರೋಗದ, ಅಂದರೆ ಅಪಸ್ಮಾರದ ಅನುಮಾನ ಬಂದಾಗ ವೈದ್ಯರು ಸಾಮಾನ್ಯವಾಗಿ ಬರೆಸುವ ಪರೀಕ್ಷೆ ಇದು. ಆ ಗೆರೆಗಳನ್ನು ಓದುವುದು ಹೇಗೆ, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದು ಇಂದಿನ ಮಾತಿನ ವಿಷಯ.

ನಾನು ವೈದ್ಯನಲ್ಲ. ವಿಜ್ಞಾನ ಓದಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಿಸುವವನು. ನಮ್ಮ ಬಡಾವಣೆಯ ತಾಯಿಯೊಬ್ಬರು ತಮ್ಮ ಮಗಳಿಗೆ ಈ ಪರೀಕ್ಷೆ ಬರೆದುಕೊಟ್ಟಾಗ ಗಾಬರಿಯಿಂದ ನನ್ನ ಬಳಿ ಬಂದಿದ್ದರು. ಅವರು ಕೇಳಿದ ಪ್ರಶ್ನೆಗಳು ಎಷ್ಟು ನೇರವಾಗಿದ್ದುವೆಂದರೆ, ವಿಷಯವನ್ನು ಅದೇ ಕ್ರಮದಲ್ಲಿ ನಿಮ್ಮ ಮುಂದಿಡುವುದೇ ಸುಲಭವೆಂದು ತೋರುತ್ತದೆ.

ಹುಡುಗಿಗೆ ಎಂಟು ವರ್ಷ, ಮೂರನೆಯ ತರಗತಿ. ಓದಿನಲ್ಲಿ ಚುರುಕು. ಆದರೆ ಕೆಲವು ತಿಂಗಳಿಂದ ಉಕ್ತಲೇಖನದ ಪುಸ್ತಕದಲ್ಲಿ ವಿಚಿತ್ರ ತಪ್ಪುಗಳು ಕಾಣಿಸತೊಡಗಿದ್ದವು. ಸಾಲಿನ ನಡುವೆ ಮೂರು ನಾಲ್ಕು ಪದಗಳೇ ಇಲ್ಲ. ಮುಂದಿನ ಪದದಿಂದ ಮತ್ತೆ ಕಾಗುಣಿತದ ತಪ್ಪಿಲ್ಲದೆ ದುಂಡಾದ ಬರವಣಿಗೆ. "ಗಮನವಿಲ್ಲ, ಹಗಲುಗನಸು ಕಾಣುತ್ತಾಳೆ" ಎಂದು ಉಪಾಧ್ಯಾಯಿನಿ ಹೇಳಿ ಕಳಿಸಿದ್ದರು. ಮನೆಯಲ್ಲಿಯೂ ಊಟ ಮಾಡುತ್ತಿರುವಾಗ ಕೈ ತುತ್ತಿನ ಮೇಲೇ ನಿಂತು, ಕಣ್ಣು ಒಂದೇ ಕಡೆ ನೆಟ್ಟು, ರೆಪ್ಪೆ ಸಣ್ಣಗೆ ಅದುರಿ, ಹತ್ತು ಸೆಕೆಂಡಿನಲ್ಲಿ ಮತ್ತೆ ಊಟ ಮುಂದುವರಿಯುತ್ತಿತ್ತು. ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ, ಬಾಯಲ್ಲಿ ನೊರೆಯಿಲ್ಲ. ಹೀಗಿರುವಾಗ ವೈದ್ಯರು ಅಪಸ್ಮಾರದ ಮಾತೆತ್ತಿದ್ದು ತಾಯಿಗೆ ಸಿಡಿಲು ಬಡಿದಂತಾಗಿತ್ತು.

ಅವರ ಮೊದಲ ಪ್ರಶ್ನೆ: "ಅಣ್ಣ, ಮಗೂ ತಲೆಗೆ ಕರೆಂಟ್ ಕೊಡ್ತಾರಂತಲ್ಲ, ತಡ್ಕೊಳ್ಳತ್ತಾ?"

"ಇಲ್ಲಮ್ಮ, ಕೊಡುವುದೇನೂ ಇಲ್ಲ, ಕೇಳಿಸಿಕೊಳ್ಳುವುದು ಮಾತ್ರ" ಎಂದೆ. ಇ.ಇ.ಜಿ. ಯಂತ್ರ ತಲೆಯೊಳಕ್ಕೆ ವಿದ್ಯುತ್ತನ್ನು ಕಳಿಸುವುದಿಲ್ಲ. ನಮ್ಮ ಸ್ಟುಡಿಯೋದ ಮೈಕು ಹಾಡುಗಾರನಿಗೆ ಏನನ್ನೂ ಮಾಡದೆ ದನಿಯನ್ನಷ್ಟೇ ಹಿಡಿಯುವಂತೆ, ನೆತ್ತಿಯ ಮೇಲೆ ಅಂಟಿಸಿದ ಪುಟ್ಟ ಲೋಹದ ಬಿಲ್ಲೆಗಳು ಒಳಗಿನ ವಿದ್ಯುತ್ತಿನ ಏರಿಳಿತವನ್ನಷ್ಟೇ ಹಿಡಿಯುತ್ತವೆ. ಈ ಬಿಲ್ಲೆಗಳಿಗೆ ಎಲೆಕ್ಟ್ರೋಡ್ ಎಂದು ಹೆಸರು. ಸಾಮಾನ್ಯವಾಗಿ ಇಪ್ಪತ್ತೊಂದನ್ನು ಟೇಪಿನಿಂದ ಅಳೆದು, ಗೊತ್ತಾದ ಜಾಗಗಳಲ್ಲಿ, ಉಪ್ಪಿನಂಶವಿರುವ ಪೇಸ್ಟು ಹಚ್ಚಿ ಕೂಡಿಸುತ್ತಾರೆ. ಎಡಗಡೆಯವಕ್ಕೆ ಬೆಸಸಂಖ್ಯೆ, ಬಲಗಡೆಯವಕ್ಕೆ ಸಮಸಂಖ್ಯೆ. ತೆರೆಯ ಮೇಲೆ O1 ಎಂದಿದ್ದರೆ ಎಡಹಿಂದಲೆ, O2 ಎಂದಿದ್ದರೆ ಬಲಹಿಂದಲೆ. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚದೆ ಕರೆತರಲು ಹೇಳುವುದೂ ಇದಕ್ಕಾಗಿಯೇ. ಕೊಬ್ಬರಿ ಎಣ್ಣೆ ಇದ್ದರೆ ಬಿಲ್ಲೆ ಸರಿಯಾಗಿ ಅಂಟುವುದಿಲ್ಲ, ಸಂಪರ್ಕ ಕೆಡುತ್ತದೆ.

ಹಿಡಿಯಬೇಕಾದ ವಿದ್ಯುತ್ತು ಎಷ್ಟು ಸಣ್ಣದು ನೋಡಿ. ಟಾರ್ಚಿನ ಒಂದು ಸೆಲ್ಲು 1.5 ವೋಲ್ಟ್. ನೆತ್ತಿಯ ಮೇಲೆ ಸಿಗುವ ಸಾಮಾನ್ಯ ಅಲೆ ಸುಮಾರು 50 ಮೈಕ್ರೋವೋಲ್ಟ್, ಅಂದರೆ ಆ ಸೆಲ್ಲಿನ ಮೂವತ್ತು ಸಾವಿರದಲ್ಲಿ ಒಂದು ಪಾಲು. ಅದನ್ನು ಹಲವು ಸಾವಿರ ಪಟ್ಟು ಹಿಗ್ಗಿಸಿದ ಮೇಲೆಯೇ ಗೆರೆಯಾಗಿ ಕಾಣುವುದು. ಹಳೆಯ ಯಂತ್ರಗಳಲ್ಲಿ ಶಾಯಿ ತುಂಬಿದ ಲೇಖನಿಗಳು ಸೆಕೆಂಡಿಗೆ 30 ಮಿಲಿಮೀಟರ್ ವೇಗದಲ್ಲಿ ಓಡುವ ಕಾಗದದ ಮೇಲೆ ಬರೆಯುತ್ತಿದ್ದವು. ಈಗ ಅದೇ ಗೆರೆಗಳು ಕಂಪ್ಯೂಟರಿನ ತೆರೆಯ ಮೇಲೆ ಬರುತ್ತವೆ. ಒಂದು ಪುಟಕ್ಕೆ ಸಾಮಾನ್ಯವಾಗಿ ಹತ್ತು ಸೆಕೆಂಡು. ಪ್ರತಿಯೊಂದು ಗೆರೆಯೂ ಎರಡು ಬಿಂದುಗಳ ನಡುವಿನ ವಿದ್ಯುತ್ತಿನ ವ್ಯತ್ಯಾಸ ಎಂಬುದು ಮಾತ್ರ ನೆನಪಿರಲಿ.

ತಾಯಿಯ ಎರಡನೆಯ ಪ್ರಶ್ನೆ: "ಗೆರೆ ಏರಿ ಇಳಿಯೋದು ಯಾಕೆ? ನೆಟ್ಟಗಿದ್ರೆ ತಾನೆ ಸರಿ?"

ಇಲ್ಲ, ಬದುಕಿರುವ ಮಿದುಳಿನ ಗೆರೆ ನೆಟ್ಟಗಿರುವುದಿಲ್ಲ. ಒಂದು ಶಾಲೆಯ ಹೊರಗೆ ಗೋಡೆಗೆ ಕಿವಿಯಿಟ್ಟು ನಿಂತಿದ್ದೀರಿ ಎಂದುಕೊಳ್ಳಿ. ಒಳಗೆ ಮಕ್ಕಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರೆ ನಿಮಗೆ ಕೇಳುವುದು ಬರಿಯ ಗುಜುಗುಜು. ಒಬ್ಬೊಬ್ಬರ ಮಾತು ಬೇರೆಯಾದ್ದರಿಂದ ಒಂದನ್ನೊಂದು ಅಳಿಸಿಬಿಡುತ್ತವೆ. ಅದೇ ಮಕ್ಕಳು ಒಟ್ಟಾಗಿ ಮಗ್ಗಿ ಹೇಳತೊಡಗಿದರೆ ಏರಿ ಇಳಿಯುವ ಲಯ ಗೋಡೆಯಾಚೆಗೂ ಸ್ಪಷ್ಟವಾಗಿ ಕೇಳುತ್ತದೆ. ಇ.ಇ.ಜಿ.ಯೂ ಹಾಗೆಯೇ. ಅದಕ್ಕೆ ಒಂದು ನರಕೋಶದ ದನಿ ಕೇಳಿಸದು. ಲಕ್ಷಾಂತರ ಕೋಶಗಳು ಒಟ್ಟಾಗಿ ಏರಿ ಇಳಿದಾಗ ಮಾತ್ರ ಅಲೆ ಕಾಣುತ್ತದೆ. ಆದುದರಿಂದ ದೊಡ್ಡ ಅಲೆ ಎಂದರೆ ಹೆಚ್ಚು ಕೆಲಸ ಎಂದಲ್ಲ, ಹೆಚ್ಚು ಒಗ್ಗಟ್ಟು ಎಂದರ್ಥ.

ಈ ಲಯಗಳನ್ನು ಸೆಕೆಂಡಿಗೆ ಎಷ್ಟು ಅಲೆ ಎಂದು ಎಣಿಸಿ ನಾಲ್ಕು ಗುಂಪು ಮಾಡಿದ್ದಾರೆ. ನಾಲ್ಕಕ್ಕಿಂತ ಕಡಿಮೆಯದು ಡೆಲ್ಟಾ, ನಾಲ್ಕರಿಂದ ಎಂಟರವರೆಗೆ ಥೀಟಾ, ಎಂಟರಿಂದ ಹದಿಮೂರು ಆಲ್ಫಾ, ಅದಕ್ಕೂ ಚುರುಕಾದದ್ದು ಬೀಟಾ. ಇವುಗಳಲ್ಲಿ ಮೊದಲು ಗುರುತಿಸಬೇಕಾದದ್ದು ಆಲ್ಫಾ. ಎಚ್ಚರವಾಗಿದ್ದು, ಕಣ್ಣು ಮುಚ್ಚಿ, ಆರಾಮವಾಗಿ ಮಲಗಿದವರ ಹಿಂದಲೆಯ ಗೆರೆಗಳಲ್ಲಿ ಅದು ಹದವಾಗಿ ಹರಿಯುತ್ತದೆ. ಕಣ್ಣು ತೆರೆದೊಡನೆ ಅಡಗುತ್ತದೆ. ಮಗ್ಗಿ ಹೇಳುತ್ತಿದ್ದ ಮಕ್ಕಳಿಗೆ ಬೇರೆ ಬೇರೆ ಲೆಕ್ಕ ಕೊಟ್ಟರೆ ಲಯ ಮುರಿದುಹೋಗುವಂತೆ, ನೋಟ ಒಳಬಂದಾಗ ಆ ಭಾಗದ ಕೋಶಗಳು ತಂತಮ್ಮ ಕೆಲಸಕ್ಕೆ ಚದುರುತ್ತವೆ. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೊದಲ ಇ.ಇ.ಜಿ. ತೆಗೆದು, ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದಾಗ ವರ್ಣಿಸಿದ ಲಯ ಇದೇ. ಆತ ತನ್ನ ಮಗನ ತಲೆಯ ಮೇಲೂ ಅನೇಕ ಸಲ ಈ ಪ್ರಯೋಗ ಮಾಡಿದ್ದ. ಬಹಳ ಮಂದಿ ಅದನ್ನು ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಲಯವನ್ನು ಮತ್ತೆ ತೋರಿಸಿದ ಮೇಲೆ ಅನುಮಾನ ತೀರಿತು.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಿಂದಲೆಯ ಈ ಲಯ ವಯಸ್ಸಿನೊಂದಿಗೆ ಚುರುಕಾಗುತ್ತದೆ. ಮೂರು ನಾಲ್ಕು ತಿಂಗಳ ಕೂಸಿನಲ್ಲಿ ಸೆಕೆಂಡಿಗೆ ಮೂರು ನಾಲ್ಕು, ಮೂರು ವರ್ಷಕ್ಕೆ ಸುಮಾರು ಎಂಟು, ಎಂಟು ವರ್ಷಕ್ಕೆ ಸುಮಾರು ಒಂಬತ್ತು, ದೊಡ್ಡವರಲ್ಲಿ ಹತ್ತರ ಆಸುಪಾಸು. ದೊಡ್ಡವರಲ್ಲಿ ರೋಗದ ಗುರುತಾಗಬಹುದಾದ ನಿಧಾನ ಅಲೆ ಕೂಸಿನಲ್ಲಿ ಸಹಜವಾದದ್ದು. ಆದ್ದರಿಂದ ವಯಸ್ಸು ತಿಳಿಯದೆ ಇ.ಇ.ಜಿ. ಓದುವಂತಿಲ್ಲ. ಎಚ್ಚರವೋ ನಿದ್ದೆಯೋ ಎಂಬುದೂ ತಿಳಿದಿರಬೇಕು. ನಿದ್ದೆ ಹತ್ತುವಾಗ ನಡುನೆತ್ತಿಯಲ್ಲಿ ಚೂಪಾದ ಅಲೆಗಳು ಏಳುತ್ತವೆ. ಮಕ್ಕಳಲ್ಲಿ ಅವು ಎಷ್ಟು ಚೂಪಾಗಿರುತ್ತವೆಂದರೆ, ಅನುಭವವಿಲ್ಲದವರು ಅವನ್ನೇ ರೋಗವೆಂದು ಬರೆದುಬಿಡಬಹುದು.

ಮೂರನೆಯ ಪ್ರಶ್ನೆ: "ಫಿಟ್ಸ್ ಅಂತ ಆ ಗೆರೇಲಿ ಹೇಗೆ ಗೊತ್ತಾಗತ್ತೆ?"

ಅಪಸ್ಮಾರದ ಪ್ರವೃತ್ತಿಯಿರುವ ಮಿದುಳಿನಲ್ಲಿ ನಡುನಡುವೆ ಒಂದಿಷ್ಟು ಕೋಶಗಳು ಒಮ್ಮೆಗೇ ಸಿಡಿಯುತ್ತವೆ. ಗುಜುಗುಜು ನಡೆಯುತ್ತಿರುವ ತರಗತಿಯಲ್ಲಿ ಒಂದು ಬೆಂಚಿನವರೆಲ್ಲ ಒಂದೇ ಕ್ಷಣ "ಹೋ" ಎಂದು ಕೂಗಿದ ಹಾಗೆ. ತೆರೆಯ ಮೇಲೆ ಇದು ಸುತ್ತಣ ಲಯವನ್ನು ಮುರಿದು ಮೇಲೇಳುವ ಸೂಜಿಮೊನೆಯಂತೆ ಕಾಣುತ್ತದೆ. ಇದಕ್ಕೆ ಸ್ಪೈಕ್ ಎನ್ನುತ್ತಾರೆ. ಅದರ ಬುಡದ ಅಗಲ ಸೆಕೆಂಡಿನ ಸಾವಿರದಲ್ಲಿ 20ರಿಂದ 70 ಪಾಲು ಮಾತ್ರ. ಅದರ ಬೆನ್ನಿಗೇ ಸಾಮಾನ್ಯವಾಗಿ ಅಗಲವಾದ ನಿಧಾನ ಅಲೆಯೊಂದು ಬರುತ್ತದೆ. ಮೊನೆ ಎಂದರೆ ಎಲ್ಲರೂ ಒಟ್ಟಿಗೆ ಕೂಗಿದ್ದು, ಅಲೆ ಎಂದರೆ ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿದ್ದು.

ಆದರೆ ಚೂಪಾಗಿರುವುದೆಲ್ಲ ಸ್ಪೈಕ್ ಅಲ್ಲ. ಕಣ್ಣು ಮಿಟುಕಿಸಿದರೆ ಹಣೆಯ ಗೆರೆಗಳು ಕುಣಿಯುತ್ತವೆ. ಹಲ್ಲು ಕಚ್ಚಿದರೆ ಕಪಾಲದ ಪಕ್ಕದ ಗೆರೆಗಳು ಕಪ್ಪಾಗಿ ದಪ್ಪಗಾಗುತ್ತವೆ. ಗೋಡೆಯ ಪ್ಲಗ್ಗಿನ ವಿದ್ಯುತ್ತು ಸೆಕೆಂಡಿಗೆ 50ರಂತೆ ಝೇಂಕರಿಸುತ್ತದೆ. ಸ್ಟುಡಿಯೋದಲ್ಲಿ ನಮ್ಮನ್ನು ಕಾಡುವ ಗುಂಯ್ ಸದ್ದೂ ಈ ಮನೆತನದ್ದೇ. ಒಂದು ಬಿಲ್ಲೆ ಸಡಿಲವಾದರೂ ಚೂಪಾದ ಮೊನೆ ಏಳುತ್ತದೆ. ಇವನ್ನು ಬೇರ್ಪಡಿಸುವ ಒಂದು ಸರಳ ಉಪಾಯವಿದೆ. ಮಿದುಳಿನೊಳಗಿನಿಂದ ಬಂದ ಮೊನೆ ಒಂದೇ ಬಿಲ್ಲೆಗೆ ಸೀಮಿತವಾಗಿರುವುದಿಲ್ಲ. ಕೊಳಕ್ಕೆ ಬಿದ್ದ ಕಲ್ಲಿನ ತೆರೆಯಂತೆ ಅಕ್ಕಪಕ್ಕದ ಬಿಲ್ಲೆಗಳಲ್ಲೂ ಸ್ವಲ್ಪ ಕಡಿಮೆ ಎತ್ತರದಲ್ಲಿ ಕಾಣಿಸುತ್ತದೆ. ಒಂದೇ ಬಿಲ್ಲೆಯಲ್ಲಿ ಎದ್ದು, ಪಕ್ಕದ್ದರಲ್ಲಿ ಸುಳಿವೇ ಇಲ್ಲದಿದ್ದರೆ ಅದು ಹೆಚ್ಚಾಗಿ ಸಡಿಲ ಬಿಲ್ಲೆಯ ಕಿತಾಪತಿ. ಸಿಬ್ಬಂದಿ ಪೇಸ್ಟು ಹಾಕಿ ಮತ್ತೆ ಒತ್ತಿದರೆ ಮಾಯವಾಗುತ್ತದೆ.

ಇನ್ನು ಆ ಹುಡುಗಿಯ ಪರೀಕ್ಷೆ ಹೇಗೆ ನಡೆಯಿತೆಂದು ಹೇಳುತ್ತೇನೆ. ತಾಯಿಯ ಜೊತೆಗೆ ನಾನೂ ಹೋಗಿದ್ದೆ. ತಂತ್ರಜ್ಞೆ ನಮಗೆ ತೆರೆ ಕಾಣುವ ಹಾಗೆ ಕೂರಲು ಹೇಳಿದರು. ಕಣ್ಣು ಮುಚ್ಚಿದಾಗ ಹಿಂದಲೆಯ ಗೆರೆಗಳಲ್ಲಿ ಸೆಕೆಂಡಿಗೆ ಒಂಬತ್ತರಂತೆ ಆಲ್ಫಾ ಬಂತು. ತೆರೆದಾಗ ಅಡಗಿತು. ಎಂಟು ವರ್ಷಕ್ಕೆ ತಕ್ಕ ಲಯ. ಮೊದಲ ಹತ್ತು ನಿಮಿಷ ಬೇರೇನೂ ಕಾಣಲಿಲ್ಲ. ತಾಯಿಯ ಮುಖದಲ್ಲಿ ಸಮಾಧಾನ ಮೂಡತೊಡಗಿತ್ತು.

ಆಮೇಲೆ ಹುಡುಗಿಯ ಕೈಗೆ ಬಣ್ಣದ ಕಾಗದದ ಗಿರಗಿಟ್ಲೆ ಕೊಟ್ಟು, ನಿಲ್ಲಿಸದೆ ಮೂರು ನಿಮಿಷ ಊದಲು ಹೇಳಿದರು. ಇದು ಆಟವಲ್ಲ. ಆಳವಾಗಿ, ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ. ಆಗ ಆರೋಗ್ಯವಂತ ಮಕ್ಕಳಲ್ಲಿಯೂ ಅಲೆಗಳು ಮೆಲ್ಲಮೆಲ್ಲನೆ ನಿಧಾನವಾಗಿ ದೊಡ್ಡದಾಗುತ್ತವೆ. ಎರಡನೆಯ ನಿಮಿಷದಲ್ಲಿ ಇವಳಿಗೂ ಹಾಗೆಯೇ ಆಯಿತು. "ಇದೇನಾ ಅದು?" ಎಂದು ತಾಯಿ ನನ್ನ ತೋಳು ಹಿಡಿದರು. ಇದಲ್ಲ. ಸಹಜವಾದ ಈ ಬದಲಾವಣೆ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಅದರ ತಲೆಯ ಮೇಲೆ ಮೊನೆಯಿರುವುದಿಲ್ಲ, ಮಗು ಊದುವುದನ್ನು ಬಿಡುವುದಿಲ್ಲ.

ಎರಡೂವರೆ ನಿಮಿಷವಾಗುವ ಹೊತ್ತಿಗೆ ನಿಜವಾದದ್ದು ಬಂತು. ಹಣೆಯಿಂದ ಹಿಂದಲೆಯವರೆಗೆ, ಎಡಕ್ಕೂ ಬಲಕ್ಕೂ, ಎಲ್ಲ ಗೆರೆಗಳೂ ಒಂದೇ ಕ್ಷಣದಲ್ಲಿ ಎದ್ದವು. ಒಂದು ಮೊನೆ, ಒಂದು ಅಲೆ, ಮತ್ತೆ ಒಂದು ಮೊನೆ, ಒಂದು ಅಲೆ. ಸೆಕೆಂಡಿಗೆ ಮೂರು ಜೋಡಿ, ಗಡಿಯಾರ ಹಿಡಿದ ಹಾಗೆ. ಎತ್ತರ ಸುಮಾರು 300 ಮೈಕ್ರೋವೋಲ್ಟ್, ಅಂದರೆ ಮೊದಲಿನ ಆಲ್ಫಾದ ಆರು ಪಟ್ಟು. ಗಿರಗಿಟ್ಲೆ ನಿಂತಿತು. ಕಣ್ಣು ತೆರೆದೇ ಇತ್ತು, ರೆಪ್ಪೆ ಮಾತ್ರ ಅದುರುತ್ತಿತ್ತು. ತಂತ್ರಜ್ಞೆ ಗಟ್ಟಿಯಾಗಿ "ಮಾವಿನಹಣ್ಣು" ಎಂದರು. ಒಂಬತ್ತು ಸೆಕೆಂಡು, ಸುಮಾರು ಇಪ್ಪತ್ತೇಳು ಜೋಡಿ. ಬಂದಷ್ಟೇ ಥಟ್ಟನೆ ನಿಂತು ಗೆರೆಗಳು ಹಿಂದಿನಂತಾದವು. ಹುಡುಗಿ ಏನೂ ಆಗಿಲ್ಲವೆಂಬಂತೆ ಮತ್ತೆ ಊದತೊಡಗಿದಳು. "ಈಗ ನಾನೇನು ಹೇಳಿದೆ ಪುಟ್ಟಿ?" ಎಂದು ಕೇಳಿದರೆ, "ನೀವೇನೂ ಹೇಳಲಿಲ್ಲವಲ್ಲ ಆಂಟಿ" ಎಂದಳು.

ಆ "ಮಾವಿನಹಣ್ಣು" ಹೋದ ಕಡೆಗೇ ಉಕ್ತಲೇಖನದ ಪದಗಳೂ ಹೋಗಿದ್ದವು. ಮಿದುಳಿನ ಹೊರಪದರಕ್ಕೂ ಅದರ ಆಳದಲ್ಲಿರುವ ಥಲಾಮಸ್ ಎಂಬ ಭಾಗಕ್ಕೂ ನಡುವೆ ಸದಾ ಸಂದೇಶಗಳು ಹೋಗಿಬರುತ್ತಿರುತ್ತವೆ. ಕಿವಿಯಿಂದ ಬಂದ ಮಾತೂ ಆ ದಾರಿಯಲ್ಲೇ ಮೇಲೇರಬೇಕು. ಈ ಎರಡು ಭಾಗಗಳು ಒಂದನ್ನೊಂದು ಕೆಣಕುತ್ತ ಸೆಕೆಂಡಿಗೆ ಮೂರರಂತೆ ಒಟ್ಟಿಗೆ ಕೂಗಿ ಒಟ್ಟಿಗೆ ಸುಮ್ಮನಾಗುವ ಸುಳಿಗೆ ಬಿದ್ದರೆ, ಹೊರಗಿನ ಮಾತಿಗೆ ಒಳಗೆ ಜಾಗವೇ ಇರುವುದಿಲ್ಲ. ಇದಕ್ಕೆ ಆಬ್ಸೆನ್ಸ್ ಎಂದು ಹೆಸರು, "ಗೈರುಹಾಜರಿ" ಎಂದು ಕರೆಯಬಹುದು. ಮಗು ಅಲ್ಲೇ ಕೂತಿರುತ್ತದೆ, ಮನಸ್ಸು ಮಾತ್ರ ಕೆಲವು ಸೆಕೆಂಡು ಗೈರುಹಾಜರು. ಈ ಮೂರರ ಲಯವನ್ನು ಗೈರುಹಾಜರಿಯೊಂದಿಗೆ ಜೋಡಿಸಿ 1935ರಲ್ಲಿ ತೋರಿಸಿದವರು ಅಮೆರಿಕದ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್.

ಹಗಲುಗನಸಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಹಗಲುಗನಸು ಕಾಣುವ ಮಗು ಭುಜ ಮುಟ್ಟಿ ಹೆಸರು ಹಿಡಿದು ಕರೆದರೆ ಎಚ್ಚರಗೊಳ್ಳುತ್ತದೆ. ಗೈರುಹಾಜರಿ ಕರೆದರೂ ಮುರಿಯುವುದಿಲ್ಲ. ಬೇಸರದ ಪಾಠದಲ್ಲಿ ಮಾತ್ರವಲ್ಲ, ಇಷ್ಟದ ಆಟದ ನಡುವೆ, ಅರ್ಧ ವಾಕ್ಯದಲ್ಲಿ, ಬಾಯಲ್ಲಿ ತುತ್ತಿರುವಾಗಲೂ ಬರುತ್ತದೆ. ದಿನಕ್ಕೆ ಹತ್ತಾರು ಸಲವೂ ಬರಬಹುದು. ನಿಮ್ಮ ಪಕ್ಕದಲ್ಲಿ ಕೂರುವ ಗೆಳೆಯನಿಗೋ ಗೆಳತಿಗೋ ಹೀಗಾಗುತ್ತಿದ್ದರೆ ಅಣಕಿಸಬೇಡಿ, ಉಪಾಧ್ಯಾಯರಿಗೆ ತಿಳಿಸಿ. ಮನೆಯವರು ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ವೈದ್ಯರಿಗೆ ತೋರಿಸಿದರೆ ತುಂಬ ಉಪಯೋಗ.

ತಾಯಿಯ ಮುಂದಿನ ಪ್ರಶ್ನೆ: "ಯಾವ ಥರ ಫಿಟ್ಸ್ ಆದ್ರೂ ಮಾತ್ರೆ ಒಂದೇ ಅಲ್ವಾ? ಅದಕ್ಕೆ ಇಷ್ಟೆಲ್ಲ ಯಾಕೆ?"

ಒಂದೇ ಅಲ್ಲ. ಗೆರೆಯ ಆಕಾರ ಮುಖ್ಯವಾಗುವುದು ಇಲ್ಲಿಯೇ. ಮಿದುಳಿನ ಒಂದು ಮೂಲೆಯಿಂದ ಏಳುವ ಮೊನೆಗಳ ಅಪಸ್ಮಾರಕ್ಕೆ ಕಾರ್ಬಮಜೆಪೀನ್ ಎಂಬ ಒಳ್ಳೆಯ ಔಷಧಿಯಿದೆ. ಅದನ್ನೇ ಗೈರುಹಾಜರಿಯ ಮಗುವಿಗೆ ಕೊಟ್ಟರೆ ಗೈರುಹಾಜರಿಗಳು ಹೆಚ್ಚಾಗಬಹುದು. ಈ ಮಗುವಿಗೆ ಬೇಕಾದದ್ದು ಎಥೋಸಕ್ಸಿಮೈಡ್ ಅಥವಾ ವಾಲ್ಪ್ರೋಯೇಟ್‌ನಂಥದು. ಎಥೋಸಕ್ಸಿಮೈಡ್ ಥಲಾಮಸ್ಸಿನ ಕೋಶಗಳಲ್ಲಿ ಆ ಸುಳಿಗೆ ಕಾರಣವಾಗುವ ಒಂದು ಬಗೆಯ ಕ್ಯಾಲ್ಸಿಯಂ ದ್ವಾರವನ್ನು ತಡೆಯುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಇವೆರಡೂ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡಿದವು, ಆದರೆ ಎಥೋಸಕ್ಸಿಮೈಡ್ ಪಡೆದ ಮಕ್ಕಳಲ್ಲಿ ಗಮನಶಕ್ತಿಯ ತೊಂದರೆ ಕಡಿಮೆಯಿತ್ತು. ವಾಲ್ಪ್ರೋಯೇಟ್ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಹೆಣ್ಣುಮಕ್ಕಳ ವಿಷಯದಲ್ಲಿ ಮುಂದಿನ ದಿನಗಳನ್ನೂ ಯೋಚಿಸಿ ವೈದ್ಯರು ಆರಿಸುತ್ತಾರೆ. ಯಾವುದೇ ಆಗಲಿ, ವೈದ್ಯರನ್ನು ಕೇಳದೆ ಶುರುಮಾಡುವಂತಿಲ್ಲ, ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ.

"ಹಾಗಾದ್ರೆ ಇ.ಇ.ಜಿ. ಸರಿಯಾಗಿ ಬಂದ್ರೆ ರೋಗ ಇಲ್ಲ, ಕೆಟ್ಟು ಬಂದ್ರೆ ಇದೆ, ಅಷ್ಟೇ ತಾನೆ?" ಎಂದರು ಅವರು. ಈ ಪ್ರಶ್ನೆಗೆ ಎರಡು ಸಲ "ಇಲ್ಲ" ಎನ್ನಬೇಕು.

ಮೊದಲನೆಯದಾಗಿ, ಸರಿಯಾಗಿ ಬಂದ ಇ.ಇ.ಜಿ. ಅಪಸ್ಮಾರವನ್ನು ಅಲ್ಲಗಳೆಯುವುದಿಲ್ಲ. ಪರೀಕ್ಷೆ ನಡೆಯುವುದು ಇಪ್ಪತ್ತು ಮೂವತ್ತು ನಿಮಿಷ, ದಿನದಲ್ಲಿ ಇಪ್ಪತ್ತನಾಲ್ಕು ಗಂಟೆಯಿದೆ. ಮೊನೆ ಏಳುವ ಜಾಗ ಮಿದುಳಿನ ಆಳದ ಮಡಿಕೆಯಲ್ಲಿದ್ದರೆ ನೆತ್ತಿಯ ಬಿಲ್ಲೆಗೆ ಅದರ ದನಿ ತಲುಪದೆಯೂ ಇರಬಹುದು. ಅಪಸ್ಮಾರ ಖಚಿತವಾಗಿರುವ ಅನೇಕರ ಮೊದಲ ಇ.ಇ.ಜಿ.ಯಲ್ಲಿ ಏನೂ ಸಿಗುವುದಿಲ್ಲ. ಅದಕ್ಕಾಗಿಯೇ ಹಿಂದಿನ ರಾತ್ರಿ ಕಡಿಮೆ ನಿದ್ದೆ ಮಾಡಿಸಿ ಬರಹೇಳುವುದು, ನಿದ್ದೆಯಲ್ಲಿ ಗೆರೆ ತೆಗೆಯುವುದು, ಮಿಣಮಿಣ ಬೆಳಕು ತೋರಿಸುವುದು, ಗಿರಗಿಟ್ಲೆ ಊದಿಸುವುದು. ನಮ್ಮ ಹುಡುಗಿಯ ಮೊದಲ ಹತ್ತು ನಿಮಿಷವನ್ನೇ ನಂಬಿ ಎದ್ದು ಬಂದಿದ್ದರೆ "ಎಲ್ಲ ಸರಿಯಾಗಿದೆ" ಎಂಬ ವರದಿ ಸಿಗುತ್ತಿತ್ತು. ಆದರೆ ಔಷಧಿ ಇನ್ನೂ ಶುರುವಾಗದ ಗೈರುಹಾಜರಿಯ ಮಗು ಮೂರು ನಿಮಿಷ ಚೆನ್ನಾಗಿ ಊದಿಯೂ ಏನೂ ಬರದಿದ್ದರೆ, ಆ ರೋಗದ ಅನುಮಾನ ಬಹಳ ಕಡಿಮೆಯಾಗುತ್ತದೆ. ಅಂದರೆ, ಪ್ರಶ್ನೆ ಯಾವುದೆಂಬುದರ ಮೇಲೆ ಉತ್ತರದ ಬೆಲೆ.

ಎರಡನೆಯದಾಗಿ, ಮೊನೆ ಕಂಡಿತೆಂದ ಮಾತ್ರಕ್ಕೆ ರೋಗವಿದೆ ಎಂದಲ್ಲ. ಒಮ್ಮೆಯೂ ಫಿಟ್ಸ್ ಬಾರದ ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ ಕೆಲವರ ಗೆರೆಗಳಲ್ಲಿ ಸ್ಪೈಕ್ ಕಾಣುತ್ತದೆ. ತಲೆನೋವಿಗೆಂದೋ ಓದಿನ ತೊಂದರೆಗೆಂದೋ ಇ.ಇ.ಜಿ. ತೆಗೆಸಿ, ಅಲ್ಲೊಂದು ಮೊನೆ ಕಂಡು, ವರ್ಷಗಟ್ಟಲೆ ಮಾತ್ರೆ ನುಂಗಿಸಿದರೆ ಅದು ಮಗುವಿಗೆ ಅನ್ಯಾಯ. ಚಿಕಿತ್ಸೆ ಮಗುವಿಗೆ, ಗೆರೆಗಲ್ಲ. ಹುಡುಗಿಯ ವಿಷಯದಲ್ಲಿ ನಂಬಿಕೆ ಹುಟ್ಟಿಸಿದ್ದು ಬರಿಯ ಮೊನೆಗಳಲ್ಲ. ತುತ್ತಿನ ಮೇಲೆ ನಿಂತ ಕೈಯ ವರ್ಣನೆ, ಗೆರೆಯ ಮೂರರ ಲಯ, ಅದೇ ಒಂಬತ್ತು ಸೆಕೆಂಡಿನಲ್ಲಿ ಅವಳು ಮಾತು ಕೇಳಿಸಿಕೊಳ್ಳದೆ ಹೋದದ್ದು, ಈ ಮೂರೂ ಒಂದಕ್ಕೊಂದು ಹೊಂದಿಕೊಂಡದ್ದು.

ಕಡೆಗೆ ಅವರು ಮೆಲ್ಲನೆ ಕೇಳಿದ್ದು: "ಬುದ್ಧಿಗೇನಾದ್ರೂ ಆಗತ್ತಾ? ದೊಡ್ಡೋಳಾದ ಮೇಲೂ ಇರತ್ತಾ?" ಇದಕ್ಕೆ ವೈದ್ಯರು ಕೊಟ್ಟ ಉತ್ತರವನ್ನೇ ನಿಮಗೆ ಹೇಳುತ್ತೇನೆ. ಅಪಸ್ಮಾರವೆಂದರೆ ಹುಚ್ಚಲ್ಲ, ಬುದ್ಧಿಮಾಂದ್ಯವೂ ಅಲ್ಲ. ಮೊನೆಗಳು ಬಂದುಹೋದ ಮೇಲೆ ಅವಳ ಗೆರೆ ಒಂಬತ್ತರ ಲಯಕ್ಕೆ ಮರಳಿತ್ತು. ಉಳಿದ ಹೊತ್ತು ಮಿದುಳು ಸಹಜವಾಗಿ ನಡೆಯುತ್ತಿದೆ ಎಂಬುದಕ್ಕೆ ಅದು ಒಳ್ಳೆಯ ಗುರುತು. ಆದರೆ ಬಿಟ್ಟುಹೋದ ಪದಗಳು ಪಾಠದಲ್ಲಿ ತೂತು ಮಾಡುತ್ತವೆ, ಆದ್ದರಿಂದ ಚಿಕಿತ್ಸೆ ತಡವಾಗಬಾರದು. ಬಾಲ್ಯದ ಈ ಬಗೆಯ ಗೈರುಹಾಜರಿ ಬಹುಪಾಲು ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಕೆಲವರಲ್ಲಿ ಮುಂದುವರಿಯುತ್ತದೆ, ಬೇರೆ ಬಗೆಯ ಫಿಟ್ಸ್ ಸೇರಿಕೊಳ್ಳಲೂಬಹುದು. ಅದಕ್ಕಾಗಿ ಆಗಾಗ ತೋರಿಸುತ್ತಿರಬೇಕು. ಪೂರ್ತಿ ಹತೋಟಿಗೆ ಬರುವವರೆಗೆ ಕೆರೆ ಬಾವಿಗಳಲ್ಲಿ ಒಂಟಿಯಾಗಿ ಈಜುವುದು, ದೊಡ್ಡ ರಸ್ತೆಯಲ್ಲಿ ಸೈಕಲ್ ಹೊಡೆಯುವುದು ಬೇಡ.

ವಿದ್ಯಾರ್ಥಿ ಮಿತ್ರರೆ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಯಾರಾದರೂ ಇ.ಇ.ಜಿ. ವರದಿ ಹಿಡಿದು ಬಂದರೆ, ವೈದ್ಯರನ್ನು ಮೂರು ಮಾತು ಕೇಳಲು ಹೇಳಿ. ಗೆರೆ ತೆಗೆಯುವಾಗ ರೋಗಿ ಎಚ್ಚರವಾಗಿದ್ದರೋ, ನಿದ್ದೆಯೂ ಬಂದಿತ್ತೋ? ಮೊನೆಗಳು ಒಂದೇ ಜಾಗದಲ್ಲಿದ್ದುವೋ, ಎಲ್ಲ ಕಡೆ ಒಟ್ಟಿಗೆ ಎದ್ದವೋ? ಮನೆಯವರು ಕಂಡದ್ದಕ್ಕೂ ಗೆರೆಯಲ್ಲಿ ಕಂಡದ್ದಕ್ಕೂ ಹೊಂದಾಣಿಕೆಯಿದೆಯೋ? ಈ ಮೂರಕ್ಕೆ ಉತ್ತರ ಸಿಕ್ಕರೆ ವರದಿಯ ಅರ್ಥ ಬಹುಮಟ್ಟಿಗೆ ಸಿಕ್ಕಂತೆಯೇ.